ರಾತ್ರಿ ಡಬ್ಬಿ ಹಾಲು: ಫ್ಲಾಸ್ಕಿನಲ್ಲಿ ಹಾಲು ಇಡಬೇಕೋ, ನೀರು ಇಡಬೇಕೋ?

ಪ್ರಶ್ನೆ (ಶಹಾಬಾದಿನ ತಾಯಿ): ಡಾಕ್ಟರ್ ಮೇಡಂ, ನನ್ನ ಮಗುವಿಗೆ ಆರು ವಾರ. 35 ವಾರಕ್ಕೇ ಹುಟ್ಟಿದ್ದು, ತೂಕ ಕಮ್ಮಿ. ನನ್ನ ಹಾಲು ಸಾಲುತ್ತಿಲ್ಲ ಅಂತ ಡಬ್ಬಿ ಹಾಲೂ ಕೊಡಿ ಅಂದಿದ್ದಾರೆ. ನಮ್ಮ ಅತ್ತೆ ರಾತ್ರಿ ಹತ್ತಕ್ಕೇ ಹಾಲು ಕಲಸಿ ಫ್ಲಾಸ್ಕಿಗೆ ಹಾಕಿಡ್ತಾರೆ, ಎರಡು ಗಂಟೆಗೂ ಐದು ಗಂಟೆಗೂ ಅದನ್ನೇ ಕುಡಿಸ್ತೀವಿ. ಡಬ್ಬಿ ಮೇಲೆ ಉಗುರುಬೆಚ್ಚಗಿನ ನೀರು ಅಂತ ಇದೆ. ಆಸ್ಪತ್ರೆ ಸಿಸ್ಟರ್ ಬಿಸಿ ನೀರಲ್ಲೇ ಕಲಸಿ ಅಂದ್ರು. ಯಾರ ಮಾತು ಕೇಳಲಿ?

ಮಕ್ಕಳ ವೈದ್ಯೆ, ಕಲಬುರಗಿ: ನಿಮ್ಮ ಮಗುವಿನ ಮಟ್ಟಿಗೆ ಸಿಸ್ಟರ್ ಹೇಳಿದ್ದೇ ಸರಿ. ಆದರೆ ಮೊದಲು ಆ ಫ್ಲಾಸ್ಕಿನ ಹಾಲು ಇವತ್ತಿನಿಂದಲೇ ನಿಲ್ಲಿಸಿ. ಕಲಸಿದ ಹಾಲು ಬೆಚ್ಚಗೆ ನಾಲ್ಕೈದು ಗಂಟೆ ಕೂತರೆ ಅದರಲ್ಲಿ ರೋಗಾಣು ಮೊಸರಿನ ಹೆಪ್ಪಿನಂತೆ ಬೆಳೆಯುತ್ತವೆ. ವ್ಯತ್ಯಾಸ ಇಷ್ಟೇ, ಇಲ್ಲಿ ವಾಸನೆ, ರುಚಿ ಏನೂ ಬದಲಾಗೋದಿಲ್ಲ. ಮೂಸಿ ನೋಡಿದರೆ ಗೊತ್ತಾಗೋದಿಲ್ಲ.

ಫ್ಲಾಸ್ಕ್ ಬೇಡ ಅಂತಲ್ಲ. ಅದರಲ್ಲಿ ಹಾಲಿನ ಬದಲು ಬರೀ ಕುದಿಸಿದ ನೀರು ಇಡಿ. ಪುಡಿ ಡಬ್ಬಿಯಲ್ಲೇ ಇರಲಿ. ಮಗು ಎದ್ದಾಗ ಕಲಸಿ.

ಬೀದರ್‌ನ ಅಪ್ಪ: ನೀರೇ ಮುಖ್ಯ ರೀ. ನಾವು ಫಿಲ್ಟರ್ ಪ್ಲಾಂಟಿನ ಕ್ಯಾನ್ ನೀರು ತಂದು ಇಪ್ಪತ್ತು ನಿಮಿಷ ಕುದಿಸಿ, ಪೂರ್ತಿ ಆರಿಸಿ ಇಡ್ತೀವಿ. ನೀರು ಕ್ಲೀನ್ ಆದ ಮೇಲೆ ಉಗುರುಬೆಚ್ಚಗಿದ್ದರೇನು, ತಣ್ಣಗಿದ್ದರೇನು?

ಮಕ್ಕಳ ವೈದ್ಯೆ: ಅರ್ಧ ಸರಿ ಹೇಳಿದಿರಿ. ಕ್ಯಾನ್ ನೀರನ್ನೂ ಕುದಿಸಲೇಬೇಕು, ಅದನ್ನು ಮಾಡ್ತಿದ್ದೀರಿ. ಇಪ್ಪತ್ತು ನಿಮಿಷ ಬೇಕಿಲ್ಲ. ಚೆನ್ನಾಗಿ ಮರಳಿದರೆ ಸಾಕು, ಸುಮ್ನೆ ಗ್ಯಾಸ್ ಖರ್ಚು. ಆದರೆ ಇನ್ನರ್ಧ ಸಮಸ್ಯೆ ಪುಡಿಯಲ್ಲಿದೆ. ಸೀಲ್ ಒಡೆಯದ ಡಬ್ಬಿಯ ಪುಡಿಯೂ ಪೂರ್ತಿ ರೋಗಾಣುಮುಕ್ತ ಅಲ್ಲ. ಕ್ರೊನೊಬ್ಯಾಕ್ಟರ್ ಅಂತ ಒಂದು ರೋಗಾಣು ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದರಿಂದ ಕಾಯಿಲೆ ಬರೋದು ತೀರಾ ಅಪರೂಪ. ಆದರೆ ಬಂದರೆ ರಕ್ತಕ್ಕೆ, ಮಿದುಳಿನ ಪೊರೆಗೆ ಹೋಗುತ್ತದೆ. ಎರಡು ತಿಂಗಳೊಳಗಿನ ಕೂಸು, ದಿನ ತುಂಬದೆ ಹುಟ್ಟಿದ ಕೂಸು, ಇವಕ್ಕೇ ಅಪಾಯ ಜಾಸ್ತಿ. ಕೇಳಿರುವ ತಾಯಿಯ ಮಗು ಎರಡಕ್ಕೂ ಸೇರುತ್ತದೆ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ, ಪುಡಿ ಬೀಳುವಾಗ ನೀರು 70 ಡಿಗ್ರಿಗಿಂತ ಕಮ್ಮಿ ಇರಬಾರದು ಅಂದಿದ್ದು. ಇಲ್ಲಿ ಬಿಸಿ ನೀರಿನ ಕೆಲಸ ಪುಡಿಯಲ್ಲಿರುವುದನ್ನು ಕೊಲ್ಲೋದು. ನೀವು ಆರಿಸಿದ ನೀರಿನಲ್ಲಿ ಅದು ಆಗೋದಿಲ್ಲ.

ಬೀದರ್‌ನ ಅಪ್ಪ: ಹಂಗಾದರೆ ಅರ್ಧ ಬಿಸಿ, ಅರ್ಧ ಆರಿದ ನೀರು ಬೆರೆಸಿ ಪುಡಿ ಹಾಕಿದರೆ? ಬೇಗ ಕುಡಿಸಬಹುದಲ್ವಾ?

ಮಕ್ಕಳ ವೈದ್ಯೆ: ಬೆರೆಸಿದ ಕೂಡಲೇ ಅದು 70ಕ್ಕಿಂತ ಕೆಳಗೆ ಇಳಿಯುತ್ತದೆ, ಉಪಯೋಗವಿಲ್ಲ. ಪೂರ್ತಿ ಬಿಸಿ ನೀರಲ್ಲೇ ಕಲಸಿ, ಆಮೇಲೆ ಬಾಟಲಿಯನ್ನು ಹೊರಗಿನಿಂದ ತಣ್ಣಗೆ ಮಾಡಿ.

ರಾತ್ರಿ ಎರಡು ಗಂಟೆಯ 60 ಎಂ.ಎಲ್. ಹಾಲಿನ ಲೆಕ್ಕ ಹೇಳ್ತೀನಿ. ಕೈ ಸೋಪಿನಿಂದ ತೊಳೆಯಿರಿ. ಫ್ಲಾಸ್ಕಿನ ನೀರು 60ರ ಗೆರೆಗೆ ಬರುವಷ್ಟು ಮೊದಲು ಹಾಕಿ. ಪುಡಿ ಮೊದಲು ಹಾಕಿ ಆಮೇಲೆ ಗೆರೆಗೆ ನೀರು ತುಂಬಿದರೆ ನೀರು ಕಮ್ಮಿಯಾಗಿ ಹಾಲು ಗಟ್ಟಿಯಾಗುತ್ತದೆ. ನಿಮ್ಮ ಡಬ್ಬಿಯಲ್ಲಿ 30 ಎಂ.ಎಲ್.ಗೆ ಒಂದು ಚಮಚ ಅಂತಿದ್ದರೆ, ಡಬ್ಬಿಯದೇ ಚಮಚದಲ್ಲಿ ಎರಡು. ಒತ್ತಿ ತುಂಬಬೇಡಿ, ಮೇಲೆ ಚಾಕುವಿನಿಂದ ಸಮ ಮಾಡಿ. ಮುಚ್ಚಳ ಹಾಕಿ ಅಲ್ಲಾಡಿಸಿ, ಆದರೆ ಜೋಪಾನ, ಬಿಸಿ ಹಾಲು ಚಿಮ್ಮುತ್ತದೆ. ಆಮೇಲೆ ತಣ್ಣೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ. ನೀರು ಮುಚ್ಚಳದ ಕೆಳಗೇ ಇರಲಿ. ನಮ್ಮ ಕಡೆ ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ, ಅದರಲ್ಲಿ ಇಟ್ಟರೆ ಹಾಲು ಆರೋದೇ ಇಲ್ಲ. ಮಣ್ಣಿನ ಹರವಿಯ ನೀರು ತೆಗೆದುಕೊಳ್ಳಿ. ಮಣಿಕಟ್ಟಿನ ಒಳಗೆ ಎರಡು ಹನಿ ಬಿಟ್ಟುಕೊಂಡು ನೋಡಿ, ಸುಡದಿದ್ದರೆ ಕುಡಿಸಿ.

ಸುರಪುರದ ಅಕ್ಕ: ನಾನು ಹಾಲು ತೆಗೆದು ನಾಲ್ಕು ಗಂಟೆ ಹೊರಗೇ ಇಟ್ಟು ಕುಡಿಸಿದೀನಿ, ನನ್ನ ಮಗನಿಗೆ ಏನೂ ಆಗಿಲ್ಲ. ಇಷ್ಟೊಂದು ಹೆದರಿಸಬೇಡಿ.

ಮಕ್ಕಳ ವೈದ್ಯೆ: ಅಕ್ಕ, ನೀವು ಹೇಳ್ತಿರೋದು ಎದೆಹಾಲು. ಅದರಲ್ಲಿ ರೋಗಾಣು ತಡೆಯುವ ಶಕ್ತಿ ತಾನಾಗಿ ಇರುತ್ತದೆ, ಅದಕ್ಕೇ ಆ ನಾಲ್ಕು ಗಂಟೆಯ ಲೆಕ್ಕ. ಅದೂ ತಂಪಾದ ಕೋಣೆಯಲ್ಲಿ. ಡಬ್ಬಿ ಹಾಲಿಗೆ ಅದು ನಡೆಯೋದಿಲ್ಲ. ಕಲಸಿದ ಎರಡು ಗಂಟೆಯೊಳಗೆ ಮುಗಿಯಬೇಕು. ಮಗು ಬಾಯಿ ಹಾಕಿದ್ದರೆ ಶುರು ಮಾಡಿ ಒಂದು ಗಂಟೆಯೊಳಗೆ. ಜೊಲ್ಲು ಸೇರಿದ ಹಾಲು ಮತ್ತೆ ಬಿಸಿ ಮಾಡಿದರೂ ಸರಿಹೋಗೋದಿಲ್ಲ. ನಮ್ಮ ಬೇಸಿಗೆಗೆ ನಾನಂತೂ ಆ ಎರಡು ಗಂಟೆಯನ್ನೂ ನಂಬೋದಿಲ್ಲ, ಕಲಸಿದ ಕೂಡಲೇ ಕುಡಿಸಿ ಅಂತೀನಿ.

ಶಹಾಬಾದಿನ ತಾಯಿ: 60ರಲ್ಲಿ 40 ಕುಡಿದು ಮಲಗ್ತಾಳೆ ಮೇಡಂ. ಉಳಿದ 20 ಚೆಲ್ಲು ಅಂದ್ರೆ ಅತ್ತೆ ಬೈತಾರೆ, ಡಬ್ಬಿ ಎಷ್ಟು ತುಟ್ಟಿ ಅಂತ.

ಮಕ್ಕಳ ವೈದ್ಯೆ: ಅವರ ಸಂಕಟವೂ ನಿಜ. 30 ಕಲಸಿ ಕೊಡಿ. ಇನ್ನೂ ಬಾಯಿ ತೆರೆದರೆ ಮತ್ತೆ 30. ಆಗ ಚೆಲ್ಲೋದು ಕಮ್ಮಿ. ಉಳಿಸಬೇಕು ಅಂತ ನೀರು ಮಾತ್ರ ಜಾಸ್ತಿ ಹಾಕಬೇಡಿ, ತೂಕ ಏರೋದಿಲ್ಲ. ಫ್ರಿಜ್‌ನಲ್ಲಿ ಕಲಸಿಡೋದೂ ಬೇಡ, ಕರೆಂಟ್ ಹೋಗಿ ಬಂದು ಮಾಡಿದರೆ ಅದು ಎಷ್ಟು ತಂಪಿತ್ತು ಅಂತ ಯಾರಿಗೆ ಗೊತ್ತು?

ಯಾದಗಿರಿಯ ಆಶಾ ಕಾರ್ಯಕರ್ತೆ: ಬಾಟಲಿ ಬಗ್ಗೆಯೂ ಹೇಳಿ ಮೇಡಂ. ಮನೆಗಳಿಗೆ ಹೋದಾಗ ನೋಡ್ತೀನಿ, ಕುದಿಸಿರ್ತಾರೆ, ಆಮೇಲೆ ಸೆರಗಿನಿಂದ ಒರೆಸ್ತಾರೆ.

ಮಕ್ಕಳ ವೈದ್ಯೆ: ಸೆರಗು ಮುಟ್ಟಿದರೆ ಕುದಿಸಿದ್ದೆಲ್ಲ ದಂಡ. ಮೊದಲು ನಿಪ್ಪಲ್ ತಿರುವಿ ಹಾಕಿ, ಅದರ ತೂತಿನ ಸುತ್ತ ಬೆರಳಾಡಿಸಿ. ಜಾರಿದರೆ ಹಾಲಿನ ಪೊರೆ ಇನ್ನೂ ಇದೆ. ಉಂಗುರದ ಮರೆ ಇರುವ ಜಾಗವೂ ಅಷ್ಟೇ. ಅದು ಸೋಪು, ಬ್ರಷ್‌ನಿಂದ ಹೋದ ಮೇಲೆಯೇ ಎಲ್ಲ ಬಿಚ್ಚಿ ನೀರಲ್ಲಿ ಮುಳುಗಿಸಿ, ಒಳಗೆ ಗಾಳಿಗುಳ್ಳೆ ಉಳಿಯದಂತೆ ಹತ್ತು ನಿಮಿಷ ಕುದಿಸಿ. ಮುಚ್ಚಿದ ಪಾತ್ರೆಯಲ್ಲೇ ಬಿಡಿ, ಬೇಕಾದಾಗ ತೆಗೆಯಿರಿ. ಬೋರ್‌ವೆಲ್ ನೀರಿನಿಂದ ಬಿಳಿ ಪದರ ಕಟ್ಟುತ್ತದೆ. ಅದು ಬರೀ ಉಪ್ಪು, ಆದರೆ ಹಾಲು ಅದಕ್ಕೆ ಹಿಡಿಯುತ್ತದೆ. ನಿಂಬೆರಸದಲ್ಲಿ ನೆನೆಸಿ ತೊಳೆಯಿರಿ. ನನ್ನ ಕೇಳಿದರೆ ಬಾಟಲಿಗಿಂತ ಒಳಲೆಯೇ ವಾಸಿ. ಮೂಲೆಯೇ ಇಲ್ಲ, ಕೊಳೆ ಎಲ್ಲಿ ಕೂರುತ್ತದೆ?

ಶಹಾಬಾದಿನ ತಾಯಿ: ಫ್ಲಾಸ್ಕಿನ ನೀರು 70 ಇದೆ ಅಂತ ಹೇಗೆ ತಿಳಿಯೋದು? ಜ್ವರದ ಥರ್ಮಾಮೀಟರ್ ಹಾಕಲಾ?

ಮಕ್ಕಳ ವೈದ್ಯೆ: ಬೇಡ ಬೇಡ, ಗಾಜಿನದಾದರೆ ಒಡೆಯುತ್ತದೆ! ಅಡುಗೆಯ ಥರ್ಮಾಮೀಟರ್ ಸಿಗುತ್ತದೆ, ತರಿಸಿಕೊಳ್ಳಿ. ಹತ್ತಕ್ಕೆ ತುಂಬಿ, ಎರಡಕ್ಕೆ ಲೋಟಕ್ಕೆ ಸುರಿದು ಅಳೆಯಿರಿ. ಫ್ಲಾಸ್ಕ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಮುಚ್ಚಿಟ್ಟು ಅರ್ಧ ಗಂಟೆಯೊಳಗೆ ಕಲಸಬಹುದು. ಒಂದು ಲೋಟ ಮಾತ್ರ ಕುದಿಸಿದರೆ ಬಹಳ ಬೇಗ ಆರಿಬಿಡುತ್ತದೆ.

ಶಹಾಬಾದಿನ ತಾಯಿ: ಅಳೆದೆ ಮೇಡಂ. ಎರಡು ಗಂಟೆಗೆ 63 ಬಂತು. ಫ್ಲಾಸ್ಕ್ ಅರ್ಧ ಮಾತ್ರ ತುಂಬಿದ್ದೆ.

ಮಕ್ಕಳ ವೈದ್ಯೆ: ಅದೇ ಕಾರಣ. ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಕಂಠದವರೆಗೆ ತುಂಬಿ. ಐದು ಗಂಟೆಯ ಹಾಲಿಗೆ ಮಾತ್ರ ಹೊಸದಾಗಿ ಕುದಿಸಿ.

ಬೀದರ್‌ನ ಅಪ್ಪ: ನಮ್ಮ ಡಬ್ಬಿ ಮೇಲೆ ಪ್ರೊಬಯಾಟಿಕ್ ಇದೆ, ಬಿಸಿ ನೀರು ಹಾಕಿದರೆ ಸಾಯುತ್ತವೆ ಅಂತಾರೆ. ನಮ್ಮ ಮಗಳಿಗೆ ಏಳು ತಿಂಗಳು.

ಮಕ್ಕಳ ವೈದ್ಯೆ: ಸಾಯುತ್ತವೆ, ನಿಜ. ದಿನ ತುಂಬಿ ಹುಟ್ಟಿ ಚೆನ್ನಾಗಿ ಬೆಳೆದ ಏಳು ತಿಂಗಳ ಮಗುವಿಗೆ ಡಬ್ಬಿಯ ಸೂಚನೆಯಂತೆ ಕೊಡಬಹುದು ಅನ್ನುವ ವೈದ್ಯರಿದ್ದಾರೆ, ನಾನು 70ನ್ನೇ ಹೇಳ್ತೀನಿ. ನಿಮ್ಮ ವೈದ್ಯರಿಗೆ ಡಬ್ಬಿ ತೋರಿಸಿ ಕೇಳಿ. ಶಹಾಬಾದಿನವರೇ, ನಿಮಗೆ ಆ ಪ್ರಶ್ನೆಯೇ ಇಲ್ಲ, ಬಿಸಿ ನೀರೇ. ಮಗು ಹಾಲು ಬೇಡ ಅಂದರೆ, ಮೈ ಸಡಿಲ ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.