ಹತ್ತು ಕಿಲೋ ಚೀಲದ ಲೆಕ್ಕ ಏಕೆ ಹೊಂದುತ್ತಿಲ್ಲ?

ಪ್ರಶ್ನೆ, ಗಂಗಾವತಿಯಿಂದ: ನಮ್ಮ ಅಕ್ಕಿ ಗಿರಣಿಯ ತೂಕದ ಚೀಟಿಗಳನ್ನು ತಾಳೆ ನೋಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ತೂಕವೆಲ್ಲ ಕ್ವಿಂಟಲ್‌ನಲ್ಲಿದೆ. 25 ಮತ್ತು 50 ಕಿಲೋ ಚೀಲಗಳ ಮೊತ್ತ ಸರಿಯಾಗಿ ಹೊಂದುತ್ತದೆ. 10 ಕಿಲೋ ಚೀಲಕ್ಕೆ 20 ಕಿಲೋದ್ದನ್ನು ಕೂಡಿಸಿದರೆ ಮಾತ್ರ ಹೊಂದುವುದಿಲ್ಲ. ಏಕೆ?

```
>>> 0.1 + 0.2
0.30000000000000004
>>> 0.1 + 0.2 == 0.3
False
```

ಉತ್ತರ, ರಾಯಚೂರಿನ ಸಾಫ್ಟ್‌ವೇರ್ ಎಂಜಿನಿಯರ್: ಸುಳಿವು 25 ಕಿಲೋ ಚೀಲದಲ್ಲೇ ಇದೆ, ಏಕೆಂದರೆ ಅದು ಕಾಲು ಕ್ವಿಂಟಲ್. ಕಂಪ್ಯೂಟರಿನ ಬಳಿ ಇರುವ ತೂಕದ ಕಲ್ಲುಗಳೆಲ್ಲ ಆ ಜಾತಿಯವೇ: ಅರ್ಧ, ಕಾಲು, ಅರೆಕಾಲು, ಹಿರಿಯರು ವೀಸ ಎನ್ನುತ್ತಿದ್ದ ಹದಿನಾರರಲ್ಲೊಂದು ಪಾಲು, ಹೀಗೆ ಪ್ರತಿಯೊಂದೂ ಹಿಂದಿನದರ ಅರ್ಧ. ಈ ಕಲ್ಲುಗಳಿಂದ ಹತ್ತರಲ್ಲೊಂದು ಪಾಲನ್ನು ತೂಗಲು ಕುಳಿತರೆ, ವೀಸವನ್ನೂ ಅದರ ಅರ್ಧವನ್ನೂ ಇಟ್ಟಾಗ 0.09375 ಆಗುತ್ತದೆ, 256ರಲ್ಲೊಂದು ಪಾಲನ್ನು ಸೇರಿಸಿದರೆ 0.09765625 ಆಗುತ್ತದೆ. ಎಷ್ಟು ಕಲ್ಲು ಇಟ್ಟರೂ ತಕ್ಕಡಿ ಸಮಕ್ಕೆ ಹತ್ತಿರವಾಗುತ್ತದೆಯೇ ಹೊರತು ಸಮವಾಗುವುದಿಲ್ಲ. ಯಂತ್ರವು 53 ಬಿಟ್‌ಗಳಿಗೆ ನಿಲ್ಲಿಸಿ, ಅತಿ ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಅದು ನಿಜವಾಗಿ ಇಟ್ಟುಕೊಂಡದ್ದೇನೆಂದು ನೀವೇ ನೋಡಬಹುದು:

```
>>> from decimal import Decimal
>>> Decimal(0.1)
Decimal('0.1000000000000000055511151231257827021181583404541015625')
```

ಹೀಗೆ 0.1 ಮತ್ತು 0.2 ಎರಡೂ ಕೂದಲೆಳೆಯಷ್ಟು ಹೆಚ್ಚಾಗಿ ಉಳಿದಿವೆ, 0.3 ಮಾತ್ರ ಕೂದಲೆಳೆಯಷ್ಟು ಕಡಿಮೆಯಾಗಿ ಉಳಿದಿದೆ. ನನಗೆ ಅತ್ಯಂತ ಸ್ವಾರಸ್ಯಕರವೆನಿಸುವುದು ಮುಂದಿನ ಹೆಜ್ಜೆ: ಆ ಎರಡರ ಮೊತ್ತವು ಯಂತ್ರಕ್ಕೆ ಸಿಗುವ ಅಕ್ಕಪಕ್ಕದ ಎರಡು ಸಂಖ್ಯೆಗಳ ನಟ್ಟನಡುವೆ ಬೀಳುತ್ತದೆ, ಮತ್ತು ಅಂಥಲ್ಲಿ ಕೊನೆಯ ಬಿಟ್ ಸೊನ್ನೆಯಾಗಿರುವುದನ್ನೇ ಆರಿಸಬೇಕೆಂಬ IEEE 754 ನಿಯಮದಂತೆ ಮೇಲಿನ ಸಂಖ್ಯೆ ಗೆಲ್ಲುತ್ತದೆ. ನೀವು ಟೈಪ್ ಮಾಡಿದ 0.3 ಕೆಳಗಿನ ಸಂಖ್ಯೆ. ಅಂತರ ಒಂದೇ ಮೆಟ್ಟಿಲಿನದು, ಆದರೆ `==` ಒಂದು ಮೆಟ್ಟಿಲನ್ನೂ ಕ್ಷಮಿಸುವುದಿಲ್ಲ.

ಕೊಪ್ಪಳದ ಸದಸ್ಯರೊಬ್ಬರು: ಇದು ಪೈಥಾನ್‌ನ ದೋಷವೆಂದು ತೋರುತ್ತದೆ, ಎಕ್ಸೆಲ್‌ನಲ್ಲಿ ನನಗೆ 0.3 ಎಂದೇ ಬರುತ್ತದೆ. `round(x, 2)` ಹಾಕಿದರೆ ಸಾಕಲ್ಲವೇ?

ಉತ್ತರ: ಎಕ್ಸೆಲ್ ಕೂಡ ಸಂಖ್ಯೆಯನ್ನು ಇದೇ ರೀತಿಯಲ್ಲಿ ಇಡುತ್ತದೆ, ತೋರಿಸುವುದು ಮಾತ್ರ ಹೆಚ್ಚೆಂದರೆ 15 ಅಂಕಿ, ದೋಷವಿರುವುದು ಹದಿನೇಳನೆಯದರಲ್ಲಿ. ಎರಡೂ ಕಡೆಯ ಮೊತ್ತಕ್ಕೆ `round` ಹಾಕಿದರೆ ಈ ಚೀಟಿಗಳ ಮಟ್ಟಿಗೆ ನಿಮ್ಮ ಸಲಹೆ ನಡೆಯುತ್ತದೆ. ಆದರೆ `round(2.675, 2)` ಕೊಟ್ಟು ನೋಡಿ, 2.68 ಅಲ್ಲ, 2.67 ಬರುತ್ತದೆ, ಏಕೆಂದರೆ 2.675 ಮೊದಲೇ ಒಂದು ಚೂರು ಕಡಿಮೆಯಾಗಿ ಉಳಿದಿದೆ.

ಬಳ್ಳಾರಿಯ ಜೀನ್ಸ್ ಘಟಕದವರು: ಮೇಡಂ, ನಮ್ಮ ಬಿಲ್‌ನಲ್ಲಿಯೂ ತೆರಿಗೆಯ ಮೊತ್ತ ಒಂದು ಪೈಸೆ ಆಚೀಚೆ ಆಗುತ್ತಿದೆ. ಕಾರಣ ಇದೇ ಇರಬೇಕು.

ಉತ್ತರ: ಇರಲಾರದು ಎಂದು ನನ್ನ ಅನುಮಾನ. ಮೂರು ಸಾಲುಗಳಲ್ಲಿ ತೆರಿಗೆ 0.334 ರೂಪಾಯಿಯಂತೆ ಇದ್ದರೆ, ಸಾಲುಸಾಲಾಗಿ ಪೈಸೆಗೆ ಇಳಿಸಿ ಕೂಡಿಸಿದಾಗ 0.99, ಕೂಡಿಸಿದ ಮೇಲೆ ಇಳಿಸಿದಾಗ 1.00. ಕಾಗದದ ಮೇಲೆ ಕೈಯಿಂದ ಲೆಕ್ಕ ಹಾಕಿದರೂ ಈ ವ್ಯತ್ಯಾಸ ಬರುತ್ತದೆ. ಯಾವುದನ್ನು ಮೊದಲು ಮಾಡಬೇಕೆಂದು ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳಿ. ಅದು ನಾನು ಹೇಳುವ ವಿಷಯವಲ್ಲ.

ಗಂಗಾವತಿಯವರೇ, ತೂಕವನ್ನು ಕ್ವಿಂಟಲ್ ಬದಲು ಕಿಲೋದಲ್ಲಿ, ಬೇಕಿದ್ದರೆ ಗ್ರಾಂನಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಳ್ಳಿ. 10 + 20 ಯಾವಾಗಲೂ 30. ಕಿಲೋ ಆದರೆ ನೂರರಿಂದ, ಗ್ರಾಂ ಆದರೆ ಒಂದು ಲಕ್ಷದಿಂದ ಭಾಗಿಸುವುದು ಚೀಟಿ ಮುದ್ರಿಸುವಾಗ ಮಾತ್ರ.

ಗಂಗಾವತಿ: ಹಾಗೆಯೇ ಹಳೆಯ ಚೀಟಿಗಳನ್ನು `int(0.29 * 100)` ಎಂದು ಕಿಲೋಗೆ ಬದಲಾಯಿಸಿದೆ ಮೇಡಂ. 29 ಬದಲು 28 ಬಂತು. ಈಗ ಇಡೀ ಒಂದು ಕಿಲೋ ಅಕ್ಕಿಯೇ ಹೋಯಿತು!

ಉತ್ತರ: ಆ ಗುಣಲಬ್ಧ 28.999999999999996, ಮತ್ತು `int` ಬಿಂದುವಿನ ನಂತರದ್ದನ್ನು ಕತ್ತರಿಸಿ ಬಿಸಾಡುತ್ತದೆ. ಚೀಟಿಯ ಅಕ್ಷರಗಳನ್ನು ಫ್ಲೋಟ್ ಮಾಡದೆ ನೇರವಾಗಿ ಓದಿ:

```
int(Decimal("0.29") * 100)
```

ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ. ಬಿಟ್ಟರೆ ಹಳೆಯ ದೋಷವೇ ಒಳಗೆ ಬಂದು ಮತ್ತೆ 28 ಬರುತ್ತದೆ. ಈಗಾಗಲೇ ಬದಲಾಯಿಸಿದ ಚೀಟಿಗಳಲ್ಲಿ ಎಷ್ಟಕ್ಕೆ ಹೀಗಾಗಿದೆ ಎಂಬುದು ಮೂಲ ಚೀಟಿಗಳೊಂದಿಗೆ ಒಂದೊಂದಾಗಿ ಹೋಲಿಸದೆ ತಿಳಿಯುವುದಿಲ್ಲ. ಮೂಲ ಫೈಲ್ ಇನ್ನೂ ಇದೆಯೇ?