ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್: ಜಂಪರ್ 3.3ರಲ್ಲಿದ್ದರೆ ಸಾಕಾ?

ಪ್ರಶ್ನೆ: ಇಎಸ್‌ಪಿ-01 ವೈಫೈ ಮಾಡ್ಯೂಲ್‌ಗೆ ಅಡಾಪ್ಟರ್ ಜೋಡಿಸಿದ್ದೇನೆ. ಟಿಎಕ್ಸ್‌ಗೆ ಟಿಎಕ್ಸ್, ಆರ್‌ಎಕ್ಸ್‌ಗೆ ಆರ್‌ಎಕ್ಸ್. ಜಂಪರ್ 3.3ರಲ್ಲಿದೆ. ಸೀರಿಯಲ್ ಮಾನಿಟರ್ ಖಾಲಿ. ಮಾಡ್ಯೂಲ್ ಹೋಯ್ತಾ?

ಉತ್ತರ 1: ಹೋಗಿರಲ್ಲ. ವೈರ್ ಅದಲು ಬದಲು ಮಾಡಿ. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗಬೇಕು. ಜಂಪರ್ 3.3ರಲ್ಲಿದೆಯಲ್ಲ, ವೋಲ್ಟೇಜ್ ಚಿಂತೆ ಬಿಡಿ.

ಉತ್ತರ 2: ವೈರ್ ವಿಷಯ ಸರಿ. ಜಂಪರ್ ಮಾತು ಮಾತ್ರ ಒಪ್ಪಲಾರೆ. ಕೆಲವು ಬೋರ್ಡ್‌ಗಳಲ್ಲಿ ಅದು ವಿಸಿಸಿ ಪಿನ್ನಿನ ವೋಲ್ಟೇಜ್ ಮಾತ್ರ ಬದಲಿಸುತ್ತದೆ, ಟಿಎಕ್ಸ್ 5 ವೋಲ್ಟ್‌ನಲ್ಲೇ ಉಳಿಯುತ್ತದೆ. ಅಳೆದು ನೋಡುವುದು ಸುಲಭ. ಮಾಡ್ಯೂಲ್ ಬಿಚ್ಚಿ, ಅಡಾಪ್ಟರ್ ಒಂದನ್ನೇ ಕಂಪ್ಯೂಟರ್‌ಗೆ ಹಾಕಿ. ಮಲ್ಟಿಮೀಟರಿನ ಕಪ್ಪು ತುದಿ ಜಿಎನ್‌ಡಿಗೆ, ಕೆಂಪು ತುದಿ ಟಿಎಕ್ಸ್‌ಗೆ. ಡೇಟಾ ಹೋಗದಿದ್ದಾಗ ಟಿಎಕ್ಸ್ ಲೈನ್ ಹೈ ಆಗಿಯೇ ಇರುತ್ತದೆ, ಹಾಗಾಗಿ ಮೀಟರ್ ತೋರಿಸುವುದೇ ನಿಮ್ಮ ಲಾಜಿಕ್ ವೋಲ್ಟೇಜ್.

ಆಮೇಲೆ ಅಡಾಪ್ಟರಿನ ಟಿಎಕ್ಸ್, ಆರ್‌ಎಕ್ಸ್ ಎರಡನ್ನೂ ಒಂದಕ್ಕೊಂದು ಸೇರಿಸಿ ಟೈಪ್ ಮಾಡಿ. ಅದೇ ಅಕ್ಷರ ವಾಪಸ್ ಬಂದರೆ ಅಡಾಪ್ಟರ್, ಡ್ರೈವರ್ ಎರಡೂ ಸರಿಯಿವೆ.

ಉತ್ತರ 3: ನಾನು 5 ವೋಲ್ಟ್‌ನ ಎಟಿಮೆಗಾ328 ಬೋರ್ಡಿಗೆ 3.3ರ ಅಡಾಪ್ಟರ್ ನೇರವಾಗಿ ಹಾಕಿ ವರ್ಷಗಳಿಂದ ಬಳಸುತ್ತಿದ್ದೇನೆ. ಏನೂ ಆಗಿಲ್ಲ. ಇಷ್ಟೆಲ್ಲ ಬೇಕಾ?

ಉತ್ತರ 2: ನಿಮ್ಮದು ಉಲ್ಟಾ ದಿಕ್ಕು. 5 ವೋಲ್ಟ್‌ನಲ್ಲಿ ಓಡುವ ಆ ಚಿಪ್ 3.0 ವೋಲ್ಟ್ ದಾಟಿದ್ದನ್ನು ಹೈ ಅಂತ ಓದುತ್ತದೆ, ಅದಕ್ಕೆ 3.3 ಸಾಕು. ಇಲ್ಲಿ 3.3ರ ಪಿನ್ನಿಗೆ 5 ಹೋಗುತ್ತಿರಬಹುದು, ಭಯ ಅದು.

ಕೇಳಿದವರು: ಮೀಟರ್ 4.9 ತೋರಿಸುತ್ತಿದೆ! ಅಕ್ಷರ ವಾಪಸ್ ಬರುತ್ತಿದೆ.

ಉತ್ತರ 2: ಹಾಗಾದರೆ ಅಡಾಪ್ಟರಿನ ಟಿಎಕ್ಸ್‌ನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಮಾಡ್ಯೂಲಿನ ಆರ್‌ಎಕ್ಸ್‌ಗೆ ಹೋಗಿ. ಅದೇ ಆರ್‌ಎಕ್ಸ್‌ನಿಂದ ಜಿಎನ್‌ಡಿಗೆ 2 ಕಿಲೋ ಓಮ್ ಹಾಕಿ. ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 3.3 ಸಿಗುತ್ತದೆ. ಮಾಡ್ಯೂಲಿನ ಟಿಎಕ್ಸ್ ಸಾಮಾನ್ಯವಾಗಿ ನೇರವಾಗಿಯೇ ಅಡಾಪ್ಟರಿನ ಆರ್‌ಎಕ್ಸ್‌ಗೆ ಹೋಗಬಹುದು. ಜಿಎನ್‌ಡಿ ಎರಡೂ ಸೇರಿರಲೇಬೇಕು.

ಕೇಳಿದವರು: ಬಂತು! 115200ರಲ್ಲಿ ಮೊದಲು ಕಸದಂಥ ಅಕ್ಷರ, ಆಮೇಲೆ ಸರಿಯಾದ ಸಾಲು. ಆದರೆ ವೈಫೈ ಸೇರುವಾಗ ರೀಸೆಟ್ ಆಗುತ್ತದೆ.

ಉತ್ತರ 2: ಕಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಾಡ್ಯೂಲಿನ ಬೂಟ್ ಸಂದೇಶ 74880 ವೇಗದಲ್ಲಿ ಬರುತ್ತದೆ. ರೀಸೆಟ್‌ಗೆ ಕಾರಣ ಹೆಚ್ಚಾಗಿ ಪವರ್. ವೈಫೈ ಕಳಿಸುವ ಕ್ಷಣ ಅದು 300 ಮಿಲಿಆಂಪ್‌ನಷ್ಟು ಎಳೆಯಬಹುದು. ಇಂಥ ಅಡಾಪ್ಟರ್‌ಗಳಲ್ಲಿ ಬರುವ ಎಫ್‌ಟಿ232ಆರ್ ಚಿಪ್ಪಿನ 3.3 ಔಟ್‌ಪುಟ್ ಕೊಡುವುದು 50 ಮಾತ್ರ. ಬೇರೆ 3.3 ರೆಗ್ಯುಲೇಟರ್ ಹಾಕಿ.

ಉತ್ತರ 1: ಜಂಪರ್ ವಿಷಯ ನನಗೆ ಗೊತ್ತಿರಲಿಲ್ಲ. ಇಷ್ಟು ಹೊತ್ತು ಟಿಎಕ್ಸ್‌ಗೆ ಟಿಎಕ್ಸ್ ಇತ್ತಲ್ಲ, ಮಾಡ್ಯೂಲಿನ ಆ ಪಿನ್ನಿಗೆ 5 ವೋಲ್ಟ್ ತಗುಲಿದ್ದರಿಂದ ಮುಂದೆ ತೊಂದರೆ ಆಗಬಹುದಾ?

ಉತ್ತರ 2: ಈಗ ಓದಲು ಬರುತ್ತಿದೆ, ಸದ್ಯಕ್ಕೆ ಪಿನ್ ಬದುಕಿದೆ. ಒಳಗೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಹೊರಗಿನಿಂದ ಹೇಳಲು ಆಗಲ್ಲ.