ಪ್ರತಿ ಕೂದಲಿಗೂ ಅದರದೇ ಆಯಸ್ಸು

"ಅತ್ತೆ, ಎರಡು ವರ್ಷದಿಂದ ನನ್ನ ಕೂದಲು ಬೆನ್ನಿನ ಮಧ್ಯಕ್ಕೇ ನಿಂತುಬಿಟ್ಟಿದೆ. ಅಕ್ಕನದು ಸೊಂಟ ದಾಟಿದೆ. ತುದಿ ಕತ್ತರಿಸಿದರೆ ಬೆಳೆಯುತ್ತಾ?"

ಪುಟ್ಟಿ, ಸ್ವಲ್ಪ ಉದ್ದ ಹೇಳ್ತೀನಿ, ನಿಧಾನವಾಗಿ ಕೇಳು. ನಿನ್ನ ಕೂದಲು ಬೆಳೆಯೋದು ನಿಂತಿಲ್ಲ. ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಈಗಲೂ ಬೆಳೆಯುತ್ತಿದೆ. ಆದರೆ ಒಂದೊಂದು ಕೂದಲೂ ಇಷ್ಟು ವರ್ಷ ಅಂತ ಬೆಳೆದು, ಆಮೇಲೆ ಉದುರಿಬಿಡುತ್ತದೆ.

ಬೆಳೆಯುವ ಕಾಲ ತಲೆಯಲ್ಲಿ ಸಾಮಾನ್ಯವಾಗಿ 2ರಿಂದ 6 ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಅದು ಮುಗಿದ ಮೇಲೆ ಎರಡು ಮೂರು ವಾರದಲ್ಲಿ ಬುಡ ಕುಗ್ಗುತ್ತದೆ. ಆಮೇಲೆ ಸುಮಾರು ಮೂರು ತಿಂಗಳು ಕೂದಲು ಸುಮ್ನೆ ಅಲ್ಲೇ ಕೂತಿರುತ್ತದೆ, ಕೊನೆಗೆ ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಎಲ್ಲ ಕೂದಲೂ ಒಟ್ಟಿಗೆ ಉದುರುವುದಿಲ್ಲ, ಒಂದೊಂದರ ಸರದಿ ಬೇರೆ ಬೇರೆ. ಅದಕ್ಕೇ ನಮಗೆ ಗೊತ್ತಾಗಲ್ಲ.

ಈಗ ಲೆಕ್ಕ ಹಾಕು. ನಿನ್ನ ಕೂದಲು 4 ವರ್ಷ ಬೆಳೆಯುತ್ತದೆ ಅಂತಿಟ್ಟುಕೋ, 48 ಸೆಂಟಿಮೀಟರ್ ಆಯಿತು. ಅಕ್ಕನದು 7 ವರ್ಷ ಅಂದರೆ 84. ಇಬ್ಬರದೂ ಒಂದೇ ವೇಗ, ಕಾಲ ಮಾತ್ರ ಬೇರೆ. ಹುಬ್ಬಿನ ಕೂದಲಿಗೆ ಕೆಲವೇ ತಿಂಗಳು ಸಿಗುತ್ತದೆ, ಅದಕ್ಕೇ ಅದು ಯಾವತ್ತೂ ಜಡೆಯಾಗುವುದಿಲ್ಲ. ಈ ಕಾಲ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ. ಒಂದೇ ತಾಯಿಯ ಮಕ್ಕಳಲ್ಲೂ ಒಂದೇ ಥರ ಇರಬೇಕೆಂದಿಲ್ಲ.

ತುದಿ ಕತ್ತರಿಸಿದ್ದು ಬುಡಕ್ಕೆ ಗೊತ್ತೇ ಆಗಲ್ಲ, ಹೊರಗಿರುವುದು ಸತ್ತ ಎಳೆ ಅಲ್ವಾ? ಸೀಳಿದ ತುದಿ ತೆಗೆದರೆ ಸೀಳು ಮೇಲೆ ಹತ್ತುವುದು ತಪ್ಪುತ್ತದೆ, ಅಷ್ಟೇ. ಎಣ್ಣೆಯೂ ಹಾಗೇ. ತುಂಡಾಗುವುದನ್ನು ಕಡಿಮೆ ಮಾಡುತ್ತದೆ, ಬೆಳೆಯುವ ವರ್ಷ ಹೆಚ್ಚಿಸುವುದಿಲ್ಲ.

ನಿನ್ನದು ನಿಜವಾಗಿ ಕೊನೆಗೆ ಬಂದಿದೆಯೋ, ತುಂಡಾಗುತ್ತಿದೆಯೋ ನೋಡಬೇಕು. ಒಂದು ವಾರ ಬಾಚಣಿಗೆಯಲ್ಲಿ ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡು. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ತಾನಾಗೇ ಉದುರಿದ್ದು. ಬೇರೇ ಕಿತ್ತು ಬಂತು ಅಂತ ಹೆದರಬೇಡ, ಬೇರು ಒಳಗೇ ಇದೆ. ದಿನಕ್ಕೆ 50ರಿಂದ 100 ಹೀಗೆ ಹೋಗುವುದು ಸಹಜ. ಗುಂಡಿರುವ ಉದ್ದದ ಕೂದಲುಗಳನ್ನು ಅಳೆ. ಇನ್ನೊಂದು ತುದಿ ಕತ್ತರಿ ತಾಗದೆ ಸಣ್ಣಗೆ ಚೂಪಾಗಿದ್ದು, ಹೆಚ್ಚಿನವು ಒಂದೇ ಅಳತೆಯಲ್ಲಿದ್ದರೆ ನಿನ್ನ ಮಿತಿ ಅಲ್ಲೇ. ಗುಂಡೇ ಇಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಕೂದಲು ಮುರಿಯುತ್ತಿದೆ. ಆಗ ಒದ್ದೆ ಕೂದಲು ಬಾಚುವುದು, ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕುವುದು ಬಿಟ್ಟು ಆರು ತಿಂಗಳು ನೋಡು.